ಶಾಲೆಯಂಗಳದ ಮಳೆ, ಕೆಳಬಯಲಿನ ಸರದಿ

ನೀಲಾಂಬಿಕ ಹುಟ್ಟಿದ್ದು ಶಿಕಾರಿಪುರದ ಪೇಟೆಬೀದಿಯಲ್ಲಿ, ಜವಳಿ ಅಂಗಡಿಯ ಹಿಂದಿನ ಮನೆಯಲ್ಲಿ. ಅವಳ ತವರಿಗೆ ಗದ್ದೆಯಿರಲಿಲ್ಲ. ಮಳೆ ಬಂದರೆ ಅಂಗಡಿಯ ಮುಂದಿನ ತಟ್ಟಿ ಇಳಿಸಬೇಕು, ಬಿಟ್ಟರೆ ಎತ್ತಬೇಕು, ಮಳೆಯ ವ್ಯವಹಾರ ಅಷ್ಟೇ ಎಂದುಕೊಂಡಿದ್ದ ಹುಡುಗಿ ಆಕೆ. ಮದುವೆಯಾಗಿ ಸೊರಬ ಸೀಮೆಯ ನೆಲ್ಲಿಕಟ್ಟೆಗೆ ಬಂದಾಗ ಬಂಡಿ ಕೆರೆಯೇರಿಯ ಮೇಲೆ ಹಾಯಿತು. ಒಂದು ಪಕ್ಕಕ್ಕೆ ತುಂಬಿ ನಿಂತ ನೀರು, ಇನ್ನೊಂದು ಪಕ್ಕಕ್ಕೆ ಏರಿಗಿಂತ ಎಷ್ಟೋ ಕೆಳಗೆ ಹಸಿರು ಬಯಲು. ನೀರು ಮೇಲಿದೆ, ಊಟ ಕೆಳಗಿದೆ, ನಡುವೆ ಈ ಮಣ್ಣಿನ ಗೋಡೆ ಒಂದೇ. ಅದನ್ನು ನೋಡಿ ಬಂಡಿಯಲ್ಲಿದ್ದವರ ಮಾತು ಅವಳ ಕಿವಿಗೆ ಬೀಳದಾಯಿತು. ಹೊಸ ಮದುವಣಗಿತ್ತಿ ಹೆದರಿದ್ದಾಳೆ ಅಂದುಕೊಂಡರು. ಅವಳಿಗೆ ಹೆದರಿಕೆಯೇನೂ ಆಗಿರಲಿಲ್ಲ. ಕಣ್ಣು ತೆರೆದೇ ಎಲ್ಲಿಗೋ ಹೋಗಿಬಿಡುವುದು ಅವಳ ಸ್ವಭಾವ.

ಗಂಡ ಶಾಂತವೀರಪ್ಪ ಊರಿನ ಪ್ರೈಮರಿ ಶಾಲೆಯ ಮೇಷ್ಟ್ರು, ಮನೆಯೂ ಶಾಲೆಗೆ ಅಂಟಿಕೊಂಡೇ ಇತ್ತು. ಶಾಲೆಯಂಗಳದಲ್ಲಿ, ದನ ನುಗ್ಗದ ಹಾಗೆ ಬೇಲಿ ಕಟ್ಟಿದ ಚೌಕದೊಳಗೆ, ಸರ್ಕಾರದ ಮಳೆಮಾಪಕವಿತ್ತು. ತಗಡಿನ ಡಬ್ಬ, ಬಾಯಿಗೆ ಲಾಳಿಕೆ, ಒಳಗೊಂದು ಶೀಸೆ. ಬೆಳಿಗ್ಗೆ ಶೀಸೆಯ ನೀರನ್ನು ಗೆರೆ ಕೊರೆದ ಗಾಜಿನ ಅಳತೆಪಾತ್ರೆಗೆ ಸುರಿದು, ಹಿಂದಿನ ಇಪ್ಪತ್ತನಾಲ್ಕು ತಾಸಿನ ಮಳೆ ಎಷ್ಟು ಇಂಚು, ಎಷ್ಟು ಸೆಂಟ್, ಅಂದರೆ ಇಂಚಿನ ನೂರನೇ ಪಾಲು, ಎಂದು ಬರೆದು ತಾಲ್ಲೂಕು ಕಚೇರಿಗೆ ಕಳಿಸಬೇಕು. ಮೇಷ್ಟ್ರ ಕೆಲಸ ಅದು. ಆದರೆ ಮದುವೆಯಾದ ಕೆಲವು ವರ್ಷಕ್ಕೇ ಮೇಷ್ಟ್ರ ಕಣ್ಣು ಮಬ್ಬಾಗತೊಡಗಿತು. ಕಪ್ಪುಹಲಗೆಯ ಮೇಲಿನ ದೊಡ್ಡ ಅಕ್ಷರ ಕಂಡೀತು, ಗಾಜಿನ ಮೇಲಿನ ಕೂದಲೆಳೆಯಂಥ ಗೆರೆ ಕಾಣದು.

"ನೀನು ನೋಡಿ ಹೇಳು, ನಾನು ಬರೀತೀನಿ," ಅಂದರು ಮೇಷ್ಟ್ರು ಒಂದು ದಿನ.

ಅಂದಿನಿಂದ ಅವಳ ಕಣ್ಣು, ಅವರ ಕೈ. ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರು ಅಂಚಿನಲ್ಲಿ ಸ್ವಲ್ಪ ಏರಿ ನಡುವೆ ತಗ್ಗುತ್ತದಲ್ಲ, ಆ ತಗ್ಗಿನ ಗೆರೆಯನ್ನೇ ಓದಬೇಕೆಂದು ಅವರು ಕಲಿಸಿದರು. ರಾತ್ರಿ ಹೆಂಚಿನ ಮೇಲೆ ಬಿದ್ದ ಮಳೆಯ ಸದ್ದು ಕೇಳಿಕೊಂಡು ಅವರು ಮಲಗಿದಲ್ಲೇ "ಎರಡು ಇಂಚಿನ ಹತ್ತಿರ" ಅನ್ನುವರು. ಬೆಳಿಗ್ಗೆ ಅವಳು ಅಂಗಳದಿಂದ ಕೂಗಿ ಹೇಳುವ ಅಂಕಿ ಬಹಳ ಸಲ ಅದರ ಆಸುಪಾಸೇ ಇರುತ್ತಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಅದೊಂದು ಆಟವೂ ಆಯಿತು.

ಅವಳಿಗೆ ಅಂಕಿಗಿಂತ ಹೆಚ್ಚು ಕಂಡದ್ದು ಬೇರೆ. ಒಂದು ಇಂಚು ಮಳೆ ಎಂದರೆ, ಹರಿಯದೆ ಇಂಗದೆ ನಿಂತರೆ, ಬಯಲಿನ ಉದ್ದಗಲಕ್ಕೂ ಒಂದು ಇಂಚು ದಪ್ಪದ ನೀರು ಎಂದು ಮೇಷ್ಟ್ರು ಹೇಳಿದ್ದರು. ಅವಳು ಅದನ್ನು ನಿಜವಾಗಿ ನೋಡುತ್ತಿದ್ದಳು. ಅಂಗಡಿಯಲ್ಲಿ ಅಪ್ಪ ಥಾನು ಬಿಚ್ಚಿ ಹಾಸಿದ ಹಾಗೆ, ಬೆಳಕು ತೋರುವ ನೀರಿನ ಬಟ್ಟೆ ಗದ್ದೆಯಿಂದ ಗದ್ದೆಗೆ ಬಿಚ್ಚಿಕೊಳ್ಳುತ್ತ, ಬದುಗಳನ್ನು ದಾಟುತ್ತ, ಕಾಡಿನ ಅಂಚಿನವರೆಗೂ ಹೋಗುವುದು. ಅನ್ನ ಸೀಯುವ ವಾಸನೆ ಬಂದಾಗ ಆ ಬಟ್ಟೆ ಸರ್ರನೆ ಮಡಿಸಿಕೊಳ್ಳುತ್ತಿತ್ತು.

ಹೀಗೆ ಹದಿನೈದು ಮಳೆಗಾಲ ಕಳೆದವು. ಐವತ್ತೆಂಟನೇ ಇಸವಿಯಲ್ಲಿ ಆಷಾಢದ ಮಳೆ ಚೆನ್ನಾಗಿ ಆಯಿತು, ನಾಟಿಯೂ ಹೊತ್ತಿಗೆ ಸರಿಯಾಗಿ ಮುಗಿಯಿತು. ಉತ್ತರೆ ಮಳೆ ಮಾತ್ರ ಕೈಕೊಟ್ಟಿತು, ಹಸ್ತವೂ ಹನಿದು ಹೋಯಿತು. ಬೆಳಿಗ್ಗೆ ಬೆಳಿಗ್ಗೆ ಅವಳು ಖಾಲಿ ಶೀಸೆ ಎತ್ತಿ ನೋಡಿ ಇಡುವಳು, ಒಳಗಿಂದ ಮೇಷ್ಟ್ರು "ಸೊನ್ನೆಯಾ?" ಎಂದು ಕೇಳುವರು. ಬತ್ತ ಹೊಡೆಗೆ ಬರುವ, ತೆನೆ ಒಳಗೇ ಕಟ್ಟುವ ಕಾಲ. ಕೆರೆ ಅರ್ಧಕ್ಕೆ ಬಂದಿತ್ತು.

ಕೆರೆ ಕಮಿಟಿ ಶಾಲೆಯ ಜಗುಲಿಯಲ್ಲಿ ಸೇರಿತು. ಅಧ್ಯಕ್ಷ ಪಂಚಾಕ್ಷರಪ್ಪ, ಮೇಷ್ಟ್ರ ತಮ್ಮ. ಮನೆತನದ ಜಮೀನು ನೋಡಿಕೊಳ್ಳುವವನು ಅವನೇ. ಕೆರೆಯ ನೀರು ಹೊರಬಿಡುವ ತೂಬಿಗೆ ಹತ್ತಿರದ ಮೇಲ್ಬಯಲಿನಲ್ಲಿ, ಶಾಲೆಯ ಹಿಂದಕ್ಕೇ ಅವರ ಗದ್ದೆ. ಒರಟು ಮಾತಿನವನಾದರೂ ನ್ಯಾಯ ತಪ್ಪುವವನಲ್ಲ. ಶಿಕಾರಿಪುರದಿಂದ ಸೈಕಲ್ಲಿನಲ್ಲಿ ಆನವಟ್ಟಿಗೆ ಬಂದು ಬಂಗಲೆಯಲ್ಲಿ ಉಳಿದಿದ್ದ ಓವರ್ಸಿಯರ್ ಪರಮಶಿವಪ್ಪನವರೂ ಬಂದಿದ್ದರು. ಮೂವತ್ತರೊಳಗಿನ ವಯಸ್ಸು, ಸಮಾಧಾನದ ಮನುಷ್ಯ. ಕೆರೆಯ ಒಳಮಗ್ಗುಲಲ್ಲಿ ತೂಬಿನ ಬಳಿ ಅಡಿ, ಇಂಚು ಕೊರೆದ ಕಲ್ಲೊಂದು ನಿಂತಿತ್ತು. ಆ ಕಲ್ಲಿನಲ್ಲಿ ನೀರು ಎಲ್ಲಿಗೆ ಮುಟ್ಟಿದರೆ ಕೆರೆಯಲ್ಲಿ ಎಷ್ಟು ನೀರು ಎಂಬ ಪಟ್ಟಿ ಅವರ ಹತ್ತಿರವಿತ್ತು.

"ಏಳು ಅಡಿ ಐತ್ರಿ," ಅಂದರು ಪರಮಶಿವಪ್ಪ. "ಬಿಸಿಲಿಗೆ ಆರೋದು, ಕಾಲುವೇಲಿ ಇಂಗೋದು ಕಳೆದು ನೋಡಿದ್ರ, ನೂರಿಪ್ಪತ್ತು ಎಕರೆಗೆ ಎರಡೆರಡು ಇಂಚಿನಂಗ ನಾಲ್ಕು ಸಲ ಕೊಡಬಹುದು. ಕಾಳು ಬಲಿಯೋತನಕ ಬೆಳಿ ಕೇಳೋದು ಐದು ಸಲ."

"ಮತ್ತೊಂದು ಸಲಕ್ಕೆ?" ಎಂದ ಪಂಚಾಕ್ಷರಪ್ಪ.

"ಮಳಿ ಕೊಡಬೇಕು. ಮೇಷ್ಟ್ರೇ, ಈ ತಿಂಗಳು ಇಲ್ಲಿ ಎಷ್ಟು ಬೀಳ್ತದ್ರಿ?"

"ಸರಾಸರಿ ಐದು ಇಂಚು," ಅಂದರು ಶಾಂತವೀರಪ್ಪ.

ಜಗುಲಿಯಲ್ಲಿದ್ದವರ ಮುಖ ಅರಳಿತು. ಐದು ಇಂಚು ಬಂದರೆ ಒಂದಲ್ಲ, ಎರಡು ಸಲದ ನೀರಿಗಿಂತ ಹೆಚ್ಚಾಯಿತು. ಹಾಗಾದರೆ ತೂಬು ಯಾವಾಗಲೂ ತೆರೆದೇ ಇರಲಿ, ಬೇಕಾದವರು ಬೇಕಾದಷ್ಟು ಕಟ್ಟಿಕೊಳ್ಳಲಿ ಎಂಬ ಮಾತು ಹಿಂದಿನಿಂದ ಬಂತು. ಪರಮಶಿವಪ್ಪ ತಲೆಯಾಡಿಸಿ, ಸರಾಸರಿ ಬೇಡ, ಒಂದೊಂದು ವರ್ಷದ್ದೂ ಬೇರೆ ಬೇರೆ ಹೇಳಿ ಅಂದರು. ಮೇಷ್ಟ್ರು ಬಾಗಿಲ ಕಡೆಗೆ ತಿರುಗಿದರು. ಬಾಗಿಲಲ್ಲಿ ನೀಲಾಂಬಿಕ ನಿಂತಿದ್ದಳು. ಬರೆದಿಟ್ಟದ್ದು ಕಪಾಟಿನಲ್ಲಿತ್ತು, ಆದರೆ ಅವಳಿಗೆ ಅದು ಬೇಕಾಗಲಿಲ್ಲ. ಆ ಬೆಳಿಗ್ಗೆಗಳೆಲ್ಲ ಅವಳ ಕಣ್ಣಲ್ಲಿದ್ದವು.

"ಒಂದು ವರ್ಷ ಈ ತಿಂಗಳಲ್ಲಿ ಹನ್ನೆರಡು ಇಂಚು ಬಂತು. ಒಂದು ದಿನವಂತೂ ಶೀಸೆ ತುಂಬಿ ಹೊರಗಿನ ಡಬ್ಬಕ್ಕೂ ಇಳಿದಿತ್ತು," ಅಂದಳು. "ಅದು ಸೇರಿ ಸರಾಸರಿ ಐದು ಕಾಣ್ತದೆ. ನಾಲ್ಕು ವರ್ಷ ಒಂದು ಇಂಚೂ ಬರಲಿಲ್ಲ."

ಹದಿನೈದರಲ್ಲಿ ನಾಲ್ಕು. ಈ ಸಲವೂ ಅಂಥದೇ ಆದರೆ?

"ಹಂಗಾದ್ರ ಕೆಟ್ಟ ವರ್ಷ ಅಂತ ಹಿಡಿದು ಲೆಕ್ಕ ಹಾಕೋಣ್ರಿ," ಅಂದರು ಪರಮಶಿವಪ್ಪ. "ಒಳ್ಳೇದಾದ್ರ ಉಳಿತಾಯ."

ಆ ಮಧ್ಯಾಹ್ನ ಸರದಿ ಹುಟ್ಟಿತು. ಮೂರು ದಿನ ಕೆಳಬಯಲಿಗೆ, ಎರಡು ದಿನ ಮೇಲ್ಬಯಲಿಗೆ, ಒಂದು ದಿನ ತೂಬು ಬಂದ್. ಕೊನೆಯವರಿಗೆ ಮೊದಲು ಕೊಡುವುದು, ಏಕೆಂದರೆ ಕಾಲುವೆ ಉದ್ದ, ಇಂಗಿಕೆ ಹೆಚ್ಚು. ತೆನೆ ಹೊರಟು ಹೂವಾಡಿ ಹಾಲು ತುಂಬುವವರೆಗೆ ಸರದಿ ತಪ್ಪಿಸಬಾರದು, ಆಗ ನೆಲ ಒಣಗಿದರೆ ಕಾಳು ಜಳ್ಳಾಗುತ್ತದೆ. ಹಾಲು ಗಟ್ಟಿಯಾದ ಮೇಲೆ ಅರ್ಧ ನೀರು ಸಾಕು, ಕೊರತೆ ಬಿದ್ದರೆ ಆಗ ನೀರು ಕಡಿತ ಮಾಡುವುದು. ಶಾಲೆಯ ಮಾಪಕದಲ್ಲಿ ಒಂದೂವರೆ ಇಂಚಿನ ಮೇಲೆ ಮಳೆಯಾದರೆ ಒಂದು ಸರದಿ ಪೂರ್ತಿ ಕೈಬಿಟ್ಟು ಆ ನೀರನ್ನು ಕೆರೆಯಲ್ಲೇ ಉಳಿಸುವುದು. ಎಲ್ಲರೂ ಒಪ್ಪಿದರು. ನೀರುಗಂಟಿ ಉಜ್ಜಪ್ಪ, ತೂಬು ತೆಗೆದು ಹಾಕುವ ಹಿರಿಯ, ಎರಡು ಸಲ ಹೇಳಿಸಿಕೊಂಡು "ಆತು" ಅಂದ.

ಮೊದಲ ಸರದಿಯ ದಿನಗಳಲ್ಲಿ ನೀಲಾಂಬಿಕ ಸಂಜೆ ಹೊತ್ತು ಏರಿಯ ಮೇಲೆ ಹೋಗುವ ರೂಢಿ ಮಾಡಿಕೊಂಡಳು. ತೂಬಿನ ಕೆಳಗೆ ನೀರು ಹೊರಬರುವಲ್ಲಿ ತಂಪಾದ ಒಂದು ಉಸಿರಿತ್ತು. ಆ ನೀರು ಎಷ್ಟು ದಿನದ್ದು, ಯಾವ ಬೆಳಿಗ್ಗೆ ತನ್ನ ಗಾಜಿನಲ್ಲಿ ಗೆರೆಯಾಗಿ ನಿಂತಿದ್ದು ಎಂದು ಅವಳು ಯೋಚಿಸುತ್ತ ನಿಲ್ಲುವಳು. ಪುನರ್ವಸು ಮಳೆಯದು ಕೆಳಗಿರಬಹುದು, ಮಘೆಯದು ಮೇಲೆ. ಎಲ್ಲ ಬೆರೆತು ಈಗ ಒಂದೇ ಬಣ್ಣ. ಕಾಲುವೆಯ ಜೊತೆ ನಡೆದರೆ ನೀರು ಅವಳಿಗಿಂತ ಸ್ವಲ್ಪ ಮುಂದೆ ಹೋಗುತ್ತ, ತಿರುವಿನಲ್ಲಿ ತಡೆದು, ಕರೆದಂತೆ ಮತ್ತೆ ಸಾಗುತ್ತಿತ್ತು.

ಸರದಿ ಮುಗಿದು ತೂಬು ಮುಚ್ಚಿದ ದಿನ ಸಂಜೆ ಗುಡುಗಿತು. ಚಿತ್ತೆ ಮಳೆ. ಊರ ಮೇಲೆ ಮೋಡ ಕಪ್ಪಾಗಿ ಇಳಿದು, ಹಿತ್ತಲ ಬಾಳೆ ಮಲಗುವ ಹಾಗೆ ಹೊಯ್ದು, ದೀಪ ಹಚ್ಚುವ ಹೊತ್ತಿಗೆ ನಿಂತುಹೋಯಿತು.

"ಒಂದೂವರೆ ದಾಟಿರಬೇಕು," ಅಂದರು ಮೇಷ್ಟ್ರು. ಆಮೇಲೆ ಸ್ವಲ್ಪ ತಡೆದು, "ಒಂದೇ ಕಡೆಯಿಂದ ಬಂದ ಹಾಗಿತ್ತು. ದೂರದಲ್ಲಿ ಸದ್ದೇ ಕೇಳಲಿಲ್ಲ," ಅಂದರು.

ಬೆಳಿಗ್ಗೆ ಅವಳು ಗಾಜನ್ನು ಕಣ್ಣಿಗೆ ಹಿಡಿದಳು. ಒಂದು ಇಂಚು ಅರವತ್ತೆರಡು ಸೆಂಟ್. ಎಷ್ಟೋ ದಿನದ ಮೇಲೆ ಸೊನ್ನೆಯಲ್ಲದ ಅಂಕಿ. ಬೇಲಿಯಾಚೆ ಕಾದಿದ್ದ ಪಂಚಾಕ್ಷರಪ್ಪನಿಗೆ ಹೇಳಿದಾಗ ಅವನು ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, "ಒಂದು ಸರದಿ ಉಳಿತು ಅತ್ತಿಗೆ," ಎಂದು ನಕ್ಕ. ಉಜ್ಜಪ್ಪನಿಗೆ ಹೇಳಿಕಳಿಸಿದ. ಆವತ್ತು ಕೆಳಬಯಲಿಗೆ ತೆಗೆಯಬೇಕಿದ್ದ ತೂಬು ತೆಗೆಯಲಿಲ್ಲ.

ಅವಳಿಗೆ ಆ ದಿನವೆಲ್ಲ ಹಬ್ಬದ ಹಾಗಿತ್ತು. ಮಧ್ಯಾಹ್ನದ ಮೇಲೆ ಕೆರೆ ನೋಡುವ ಆಸೆಯಾಯಿತು. ಏರಿಯ ಮಣ್ಣು ಕಾಲಿಗೆ ಮೆತ್ತುತ್ತದೆಂದು ಸೀರೆಯ ನೆರಿಗೆ ಎತ್ತಿ ಹಿಡಿದು ಹೊರಟಳು. ಸ್ವಲ್ಪ ದೂರ ಹೋದ ಮೇಲೆ ನೆರಿಗೆ ತಾನಾಗಿ ಕೈಯಿಂದ ಜಾರಿತ್ತು. ಕಾಲಿಗೆ ಏನೂ ಮೆತ್ತುತ್ತಿರಲಿಲ್ಲ. ಅವಳು ಅದನ್ನು ಗಮನಿಸಲಿಲ್ಲ, ನೀರಿನ ಮೇಲಿನ ಬಿಸಿಲನ್ನು ನೋಡುತ್ತಿದ್ದಳು.

ತೂಬಿನ ಬಳಿ ಉಜ್ಜಪ್ಪ ಬೀಡಿ ಸೇದುತ್ತ ಕೂತಿದ್ದವನು ಎದ್ದು ನಿಂತ.

"ಕೆರೆಗೆ ಏನಾದರೂ ಬಂತೇನಪ್ಪ?"

"ಇಲ್ಲ ಅವ್ವಾರೆ. ನಿನ್ನೆ ಇದ್ದಲ್ಲೇ ಐತೆ. ಹಳ್ಳದಲ್ಲಿ ನೀರು ಹರಿಬೇಕಾದರೆ ಇನ್ನೂ ದೊಡ್ಡ ಮಳೆ ಆಗಬೇಕು. ನೆಲ ಕುಡಿದುಬಿಡ್ತದೆ."

ಅದೂ ಸರಿಯೇ ಎಂದು ಅವಳು ತಿರುಗಿದಳು. ತಿರುಗಿದವಳು ನಿಂತಳು. ನೀರಿನ ಬಟ್ಟೆ ಮತ್ತೆ ಅವಳ ಕಣ್ಣೆದುರು ಬಿಚ್ಚಿಕೊಂಡಿತ್ತು. ಒಂದು ಇಂಚು ಅರವತ್ತೆರಡು ಸೆಂಟ್ ದಪ್ಪ, ಶಾಲೆಯಂಗಳದಿಂದ ಹೊರಟು ಗದ್ದೆ ದಾಟಿ, ಏರಿ ಹತ್ತಿ, ಕೆರೆಯ ಮೇಲೂ ಹಾಸಿಕೊಳ್ಳಬೇಕು. ಹಳ್ಳ ಹರಿಯದಿದ್ದರೆ ಬೇಡ. ಕೆರೆಯ ಬೆನ್ನ ಮೇಲೆ ನೇರವಾಗಿ ಬಿದ್ದದ್ದನ್ನು ಯಾವ ನೆಲ ಕುಡಿಯುತ್ತದೆ? ತೂಬು ಮುಚ್ಚಿತ್ತು. ಕಲ್ಲಿನ ಮೇಲೆ ನೀರು ಒಂದೂವರೆ ಇಂಚಾದರೂ ಏರಲೇಬೇಕಿತ್ತು.

ಬಟ್ಟೆ ಎಲ್ಲೋ ಕತ್ತರಿಸಿಹೋಗಿತ್ತು.

"ಉಜ್ಜಪ್ಪ, ನಿನ್ನೆ ಸಂಜೆ ನೀನು ಎಲ್ಲಿದ್ದೆ?"

"ಊರೊಳಗೇ ಇದ್ದೆ ಅವ್ವಾರೆ. ಮಳೆ ಜೋರಾಗೇ ಇತ್ತಲ್ಲ."

ಅವಳು ಏರಿ ಇಳಿದು ಕೆಳಬಯಲಿನ ದಾರಿ ಹಿಡಿದಳು. ಬದುವಿನ ಹುಲ್ಲಿನ ಮೇಲೆ ಬಂಡಿದಾರಿಯ ಧೂಳು ಹಾಗೇ ಕೂತಿತ್ತು. ಬತ್ತದ ಎಲೆಗಳ ಮೇಲೂ ಧೂಳು. ನಡೆಯುತ್ತ ನಡೆಯುತ್ತ, ನಿನ್ನೆಯ ಮಳೆ ತಾನು ಕಂಡ ಕನಸೇನೋ ಎಂಬಂತಾಯಿತು ಅವಳಿಗೆ. ಅಷ್ಟು ಹೊತ್ತು ಸುರಿದದ್ದು, ಬಾಳೆ ಮಲಗಿದ್ದು, ಮೇಷ್ಟ್ರು ಪಕ್ಕದಲ್ಲಿ ಕೂತು ಮಾತಾಡಿದ್ದು. ಇಲ್ಲಿ ಯಾವುದೂ ಆಗಿಯೇ ಇರಲಿಲ್ಲ.

ಕಾಲುವೆಯ ಕಟ್ಟಕಡೆಯಲ್ಲಿ ದುರುಗಮ್ಮನ ಗದ್ದೆ. ಗಂಡ ತೀರಿದ ಮೇಲೆ ಒಬ್ಬಳೇ ಒಂದೂವರೆ ಎಕರೆ ಮಾಡಿಕೊಂಡಿದ್ದವಳು. ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತು, ಹೊಡೆಯಿಂದ ಆಗಷ್ಟೆ ತುದಿ ತೋರಿಸುತ್ತಿದ್ದ ಒಂದು ತೆನೆಯನ್ನು ಬೆರಳಲ್ಲಿ ಹಿಡಿದಿದ್ದಳು. ಗದ್ದೆಯ ಮಣ್ಣಿನಲ್ಲಿ ಕೂದಲಿನಂಥ ಬಿರುಕು ಕಾಣಿಸಿಕೊಂಡಿತ್ತು.

"ನಿಮ್ಮ ಶೀಸೆಗೆ ಮಳೆ ಬಂತಂತೆ ಮೇಷ್ಟ್ರಮ್ಮ," ಅಂದಳು, ತಲೆಯೆತ್ತದೆ. "ನನ್ನ ಗದ್ದೆಗೆ ಬರಲಿಲ್ಲ."

"ಯಾರಿಗಾದರೂ ಹೇಳಿದೆಯಾ?"

"ಯಾರಿಗೆ ಹೇಳಲಿ? ಸರ್ಕಾರದ ಶೀಸೆ ಹೇಳಿದ ಮೇಲೆ."

ನೀಲಾಂಬಿಕ ಅವಳ ಪಕ್ಕದಲ್ಲಿ ಕೂತಳು. ತಾನು ಓದಿದ ಅಂಕಿ ಸುಳ್ಳಲ್ಲ. ಒಂದು ಸೆಂಟ್ ಹೆಚ್ಚಿಲ್ಲ, ಒಂದು ಸೆಂಟ್ ಕಡಿಮೆಯಿಲ್ಲ. ಆದರೂ ಆ ಅಂಕಿಯೇ ಇಲ್ಲಿಗೆ ಬರಬೇಕಿದ್ದ ನೀರನ್ನು ತಡೆದು ನಿಲ್ಲಿಸಿತ್ತು. ಗಾಳಿಗೆ ತೆನೆಯ ತುದಿಗಳು ಅಲುಗಿದವು.

"ಇನ್ನೆಷ್ಟು ದಿನ ತಡೀತದೆ?" ಎಂದು ಕೇಳಿದಳು ನೀಲಾಂಬಿಕ.

"ನಾಳೆ ನಾಡಿದ್ದು. ಹೂವಾಡೋ ಹೊತ್ತಿಗೆ ಬೇರಲ್ಲಿ ತಂಪು ಇರಬೇಕು."

ಮನೆಗೆ ಬಂದವಳು ಪಂಚಾಕ್ಷರಪ್ಪನನ್ನು ಕರೆಸಿದಳು. ಅವನು ಕೂತು ಎಲ್ಲ ಕೇಳಿದ.

"ನೀವು ಹೇಳೋದು ಸುಳ್ಳು ಅನ್ನಲ್ಲ ಅತ್ತಿಗೆ. ಆದರೆ ನಿಯಮ ಮಾಡಿದ್ದು ನಾವೇ. ಇವತ್ತು ಒಬ್ಬರಿಗೆ ಅಂತ ತೂಬು ತೆಗೆದರೆ ನಾಳೆ ನೂರು ಜನ ನಮ್ಮಲ್ಲೂ ಮಳೆ ಬರಲಿಲ್ಲ ಅಂತ ಬರ್ತಾರೆ. ಯಾರದು ನಿಜ, ಯಾರದು ಸುಳ್ಳು ಅಂತ ನಾನು ಹೆಂಗೆ ಹೇಳಲಿ?"

ಆ ಮಾತಿನಲ್ಲಿ ಹುರುಳಿತ್ತು. ಗೋಡೆಗೊರಗಿ ಕೂತಿದ್ದ ಮೇಷ್ಟ್ರು ಮೆಲ್ಲಗೆ, "ಕೆರೆ ಏರಲಿಲ್ಲ ಅಂದೆಯಲ್ಲ, ಅದನ್ನು ಓವರ್ಸಿಯರಿಗೆ ಹೇಳು," ಅಂದರು. "ಕೆರೆ ಯಾರ ಪಕ್ಷವೂ ಅಲ್ಲ."

ಮರುದಿನ ಬೆಳಗಿನ ಬಸ್ಸಿಗೆ ಅವಳು ಆನವಟ್ಟಿಗೆ ಹೋದಳು. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಕಿಟಕಿಯಾಚೆ ಒಂದು ಕಡೆ ರಸ್ತೆ ಕೆಸರು, ಫರ್ಲಾಂಗು ಕಳೆದರೆ ಧೂಳು, ಮುಂದೆ ಮತ್ತೆ ಕೆಸರು. ಮಳೆ ಯಾರೋ ಮರೆವಿನ ಹೆಂಗಸು ನೀರು ಚಿಮುಕಿಸಿದ ಹಾಗೆ ನಡೆದುಹೋಗಿತ್ತು. ಇಷ್ಟು ವರ್ಷ ತನ್ನ ಅಂಗಳದ ಮಳೆಯೇ ಲೋಕದ ಮಳೆ ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ನಗುವೂ ಬಂತು, ಒಳಗೊಳಗೇ ಏನೋ ಬಿಡುಗಡೆಯಾದಂತೆಯೂ ಆಯಿತು.

ಪರಮಶಿವಪ್ಪ ಬಂಗಲೆಯ ಮುಂದೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅವಳು ಮಳೆಯ ಅಂಕಿ ಹೇಳಿದಳು, ಕಲ್ಲಿನ ಅಂಕಿ ಹೇಳಿದಳು, ತೂಬು ಮುಚ್ಚಿತ್ತು ಅಂದಳು. ಅವರ ಕೈ ಪಂಪಿನ ಮೇಲೆ ನಿಂತಿತು.

"ಹೌದಲ್ರಿ," ಅಂದರು. "ನಾ ಸರದಿ ಬರೆಯುವಾಗ ಮಳಿ ಎಲ್ಲಾ ಕಡೆ ಸಮ ಬೀಳ್ತದ ಅಂತ ಹಿಡಿದೆ. ಆಷಾಢದಾಗ ಅದು ನಡೀತದ. ಗುಡುಗಿನ ಮಳಿಗೆ ನಡೆಯಂಗಿಲ್ಲ." ಸ್ವಲ್ಪ ಯೋಚಿಸಿ, "ಸರದಿ ತಪ್ಪಿಸೋದಾದ್ರ ಮಳಿ ಬಿದ್ದ ಬಯಲಿಂದು ಮಾತ್ರ ತಪ್ಪಿಸಬೇಕು. ನಡೀರಿ, ನೋಡೋಣ," ಅಂದರು.

ಅವಳು ಬಸ್ಸಿನಲ್ಲಿ, ಅವರು ಸೈಕಲ್ಲಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕೆಳಬಯಲಿನಲ್ಲಿದ್ದರು. ಪಂಚಾಕ್ಷರಪ್ಪ ಯಾರ ಮಾತಿಗೂ ಕಾಯದೆ ಗದ್ದೆಗಿಳಿದು ಒಂದು ಎಲೆಯನ್ನು ಎರಡು ಬೆರಳ ನಡುವೆ ಎಳೆದ. ಬೆರಳ ಮೇಲೆ ಕೆಂಪು ಧೂಳು ಬಂತು. ಅದನ್ನು ನೋಡುತ್ತ ಸುಮಾರು ಹೊತ್ತು ನಿಂತ. ಅವನ ಗದ್ದೆಯಲ್ಲಿ ಆ ಗಳಿಗೆಯಲ್ಲೂ ನೀರು ನಿಂತಿತ್ತು.

"ಮೇಲ್ಬಯಲಿನ ಸರದಿ ತಪ್ಪಿಸಿದ್ದು ಹಂಗೇ ಇರಲಿ," ಅಂದ ಕೊನೆಗೆ. "ನಮಗೆ ದೇವರು ಕೊಟ್ಟಾಗಿದೆ. ಕೆಳಬಯಲಿಗೆ ಮೂರು ದಿನ ಪೂರ್ತಿ ನೀರು ಬಿಡು, ಉಜ್ಜಪ್ಪ. ನಡುವೆ ನಮ್ಮೋರು ಯಾರಾದರೂ ನೀರು ಕಟ್ಟಿಕೊಂಡರೆ ನನಗೆ ಹೇಳು."

"ಮೇಲಿನ ಎರಡು ದಿನದ ನೀರು ಉಳಿತದಲ್ರಿ, ಅಷ್ಟೂ ಉಳಿತಾಯನ," ಅಂದರು ಪರಮಶಿವಪ್ಪ.

ಸಂಜೆಗೆ ನೀರು ದುರುಗಮ್ಮನ ಗದ್ದೆ ಮುಟ್ಟಿತು. ಮೊದಲು ಬಂದದ್ದು ನೊರೆ, ಒಣ ಎಲೆ, ಅದರ ಹಿಂದೆ ಕಂದು ನೀರು. ಬಿರುಕುಗಳೊಳಗೆ ಅದು ಇಳಿಯುವ ಸದ್ದು ಸಣ್ಣ ಮಕ್ಕಳು ಗುಟುಕರಿಸುವ ಹಾಗೆ ಕೇಳುತ್ತಿತ್ತು. ದುರುಗಮ್ಮ ಗದ್ದೆಗೆ ನೀರು ಹೊಗುವ ಮಡೆಯ ಬಾಯಿಯ ಮಣ್ಣನ್ನು ಕಾಲಲ್ಲಿ ಸರಿಸಿ, ನೀಲಾಂಬಿಕಳ ಕೈಗೆ ಎಲೆಯಡಿಕೆ ಕೊಟ್ಟಳು. ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ಕೂತು ನೀರು ಗದ್ದೆ ತುಂಬುವುದನ್ನು ನೋಡಿದರು. ನೀರಿನಲ್ಲಿ ಆಕಾಶದ ತುಂಡುಗಳು ಒಂದೊಂದಾಗಿ ಬಂದು ಸೇರಿ ದೊಡ್ಡದಾದವು.

ಪಂಚಾಕ್ಷರಪ್ಪ ಕೇಳಿದ ಪ್ರಶ್ನೆ ಮಾತ್ರ ಉಳಿದಿತ್ತು, ಮಳೆ ಎಲ್ಲಿ ಬಿತ್ತು ಎಲ್ಲಿ ಬೀಳಲಿಲ್ಲ ಎಂದು ಹೇಳುವವರು ಯಾರು? ನೀಲಾಂಬಿಕ ಶಿಕಾರಿಪುರದ ಅಣ್ಣನಿಗೆ ಹೇಳಿಕಳಿಸಿ ಬಿಸ್ಕತ್ತಿನ ಡಬ್ಬ ತರಿಸಿದಳು, ಎಲ್ಲ ಒಂದೇ ಅಳತೆ, ಬಾಯಿಯೂ ತಳವೂ ಒಂದೇ ಅಗಲ. ಒಂದನ್ನು ಕೆಳಬಯಲಿನಲ್ಲಿ, ಒಂದನ್ನು ಕಾಲುವೆಯ ನಡುವಿನಲ್ಲಿ, ಒಂದನ್ನು ಕೆರೆಯಾಚೆ ಹಳ್ಳದ ತಲೆಯಲ್ಲಿ, ಮರದ ನೆರಳು ಬೀಳದ ಕಡೆ, ಗೂಟಕ್ಕೆ ಕಟ್ಟಿ ನಿಲ್ಲಿಸಿದರು. ಮಳೆಯಾದ ಮರುಬೆಳಿಗ್ಗೆ ಶಾಲೆಯ ಅಡಿಪಟ್ಟಿ ಇಳಿಸಿ ನೋಡಿದರೆ ಸಾಕು. ಸರ್ಕಾರದ ಗಾಜಿನಷ್ಟು ನಾಜೂಕಲ್ಲ, ಆದರೆ ಬಂತೋ ಇಲ್ಲವೋ, ಅರ್ಧವೋ ಎರಡೋ ಎಂಬುದು ತಿಳಿಯುತ್ತಿತ್ತು. ಕೆಳಬಯಲಿನ ಡಬ್ಬದ ಕೆಲಸ ದುರುಗಮ್ಮ ವಹಿಸಿಕೊಂಡಳು. ಅವಳಿಗೆ ಓದು ಬರುತ್ತಿರಲಿಲ್ಲ. ಪಟ್ಟಿಯ ಮೇಲೆ ನೀರು ಮುಟ್ಟಿದಲ್ಲಿ ಉಗುರು ಒತ್ತಿ ಹಿಡಿದು, ಹಾಗೇ ಶಾಲೆಯವರೆಗೂ ನಡೆದು ಬರುವಳು.

ಸ್ವಾತಿಯಲ್ಲಿ ಇನ್ನೊಂದು ಮಳೆ ಆಯಿತು, ಸಣ್ಣದು, ಈ ಸಲ ಎಲ್ಲ ಡಬ್ಬಗಳಲ್ಲೂ ಹೆಚ್ಚುಕಡಿಮೆ ಸಮ. ಅಷ್ಟಕ್ಕೆ ಸರದಿ ತಪ್ಪಿಸುವ ಹಾಗಿರಲಿಲ್ಲ, ತಪ್ಪಿಸಲಿಲ್ಲ. ಕೊನೆಯ ಸರದಿಯನ್ನು ಅರ್ಧಕ್ಕೆ ಇಳಿಸಿದರು, ಕಾಳು ಆಗಲೇ ಗಟ್ಟಿಯಾಗಿತ್ತು. ಕಲ್ಲಿನ ಬುಡದಲ್ಲಿ ಇನ್ನೂ ಒಂದಿಷ್ಟು ನೀರು ದನಗಳಿಗೆಂದು ಉಳಿದಿತ್ತು. ದುರುಗಮ್ಮನ ಗದ್ದೆಯ ಒಂದು ಮೂಲೆಯಲ್ಲಿ, ಮೊದಲು ಬಿರುಕು ಬಿಟ್ಟ ಕಡೆ, ತೆನೆ ಬೆಳ್ಳಗೆ ಜಳ್ಳಾಗಿ ನೆಟ್ಟಗೆ ನಿಂತಿತು. ಉಳಿದದ್ದು ಬಾಗಿತು. ಆ ಮೂಲೆಯನ್ನು ನೋಡಿದಾಗಲೆಲ್ಲ ನೀಲಾಂಬಿಕಳಿಗೆ, ಆ ದಿನ ಬೆಳಿಗ್ಗೆಯೇ ಏರಿಯ ಮೇಲೆ ಹೋಗಿದ್ದರೆ ಅನ್ನಿಸದೆ ಇರುತ್ತಿರಲಿಲ್ಲ. ದುರುಗಮ್ಮನಿಗೆ ಅದನ್ನು ಹೇಳಿದರೆ, "ದನಕ್ಕೂ ಮೇವು ಬೇಕಲ್ಲ ಮೇಷ್ಟ್ರಮ್ಮ," ಎಂದು ಮಾತು ಮುಗಿಸುತ್ತಿದ್ದಳು.

ಪರಮಶಿವಪ್ಪನವರಿಗೆ ಮುಂದಿನ ವರ್ಷ ಬೇರೆ ಕಡೆಗೆ ವರ್ಗವಾಯಿತು. ಸರದಿ ಮಾತ್ರ ನೆಲ್ಲಿಕಟ್ಟೆಯಲ್ಲಿ ಉಳಿಯಿತು. ಕೆರೆ ಕಡಿಮೆ ಬಿದ್ದ ವರ್ಷಗಳಲ್ಲಿ ಕಮಿಟಿ ಕೂತಾಗ ಪಂಚಾಕ್ಷರಪ್ಪ, "ಅತ್ತಿಗೆಯನ್ನು ಒಳಗೆ ಕರೀರಿ," ಅನ್ನುವನು. ಅವಳು ಜಗುಲಿಯ ಕಂಬಕ್ಕೊರಗಿ ಕೂರುವಳು. ಕೇಳಿದರೆ ಹೇಳುವಳು, ಕೇಳದಿದ್ದರೆ ಅವಳ ಕಣ್ಣು ಬಯಲಿನ ಮೇಲೆಲ್ಲೋ ಇರುತ್ತಿತ್ತು.

ಡಬ್ಬ ಕಟ್ಟಿದ ಆ ವರ್ಷವೇ, ಸುಗ್ಗಿ ಮುಗಿದ ಮೇಲೆ, ಗಂಡ ಹೆಂಡತಿ ಒಮ್ಮೆ ಚಂದ್ರಗುತ್ತಿಗೆ ಹೋದರು. ಮೇಷ್ಟ್ರು ಅವಳ ಹೆಗಲ ಮೇಲೆ ಕೈಯಿಟ್ಟು ಗುಡ್ಡ ಹತ್ತಿದರು. ಮೇಲೆ ಬಂಡೆಯೊಂದರ ಮೇಲೆ ಕೂತಾಗ ಕೆಳಗೆ ಸೀಮೆಯೆಲ್ಲ ಕಾಣುತ್ತಿತ್ತು. ಕಾಡು, ಕೊಯ್ದ ಗದ್ದೆ, ನಡುನಡುವೆ ಮಿನುಗುವ ಕೆರೆಗಳು. ನೆಲ್ಲಿಕಟ್ಟೆಯದು ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ.

"ಏನು ಕಾಣ್ತದೆ?" ಎಂದು ಕೇಳಿದರು ಮೇಷ್ಟ್ರು.

ಒಂಟಿ ಮೋಡವೊಂದು ಹೋಗುತ್ತಿತ್ತು. ಅದರ ನೆರಳು ಒಂದು ಕೆರೆಯನ್ನು ದಾಟಿ, ಪಕ್ಕದ್ದನ್ನು ಮುಟ್ಟದೆ, ಕಾಡಿನ ಮೇಲೆ ಹತ್ತಿ ಇಳಿದು ಸಾಗುತ್ತಿತ್ತು. ಅವಳು ಅದನ್ನು ಅವರಿಗೆ ಹೇಳತೊಡಗಿದಳು, ಈಗ ಇಲ್ಲಿದೆ, ಈಗ ಅಲ್ಲಿಗೆ ಹೋಯಿತು ಎಂದು, ನಿಧಾನವಾಗಿ, ನೆರಳು ನಡೆದಷ್ಟೇ ನಿಧಾನವಾಗಿ. ಅವರು ಕಣ್ಣು ಮುಚ್ಚಿ ಕೇಳುತ್ತ ಕೂತರು.